ಸ್ಟೂಲ್ ತಗೊಂಡು ಕುಂದರ್ರಿ

ನಾ ಕುಂತಲ್ಲೇ ಕುಂತಿರ್ತೇನ್ರಿ, ಎಡವೂದು ಮಾತ್ರ ನನ್ನ ಎದುರಿಗೆ ನಿಂತ ಮಂದಿ. ವೀಲ್‌ಚೇರ್ ಕಂಡಕೂಡ್ಲೇ ಎಂಥಾ ಶಾಣ್ಯಾರಿಗೂ ಕೈ ಎಲ್ಲಿ ಇಡಬೇಕು, ಕಣ್ಣ ಎಲ್ಲಿ ಇಡಬೇಕು ತಿಳಿಯಂಗಿಲ್ಲ. ಅಪ್ಪ ವಿಜಾಪುರ ಕಡೀಂದ ಮನಿ ಕಟ್ಟೂ ಗೌಂಡಿ ಕೆಲಸಕ್ಕಂತ ಘಟ್ಟದ ಕೆಳಗಿನ ಪರ್ವರಿ ಊರಿಗೆ ಬಂದಾಗ ನಾ ಸಣ್ಣಾಕಿ. ಈಗ ಇಲ್ಲೇ ನಂದೊಂದು ಬ್ಲೌಸ್ ಹೊಲಿಯೋ ಅಂಗಡಿ ಐತಿ. ಕಾಲಿಗೆ ಏನಾತು ಅಂತ ಮಾತ್ರ ಕೇಳಬ್ಯಾಡ್ರಿ. ಹೆಸರ ಕೇಳೂಕ್ಕಿಂತ ಮೊದಲ ಅದನ್ನ ಕೇಳೋರನ್ನ ಭಾಳ ನೋಡೇನಿ.

ಮನ್ಯಾಗ ಮದುವಿ ಮಾತು ಎದ್ದಾಗ ನಾ ಒಂದ ಶರ್ತ ಹಾಕಿದೆ. ನೋಡಾಕ ಬಂದಾವ ಮೊದಲ ನನ್ನ ಕೂಡ ಮಾತಾಡಬೇಕು. ಎರಡು ಸಂಬಂಧ ಬಂದ್ವು, ಅಣ್ಣನ ಕೂಡ ಮಾತಾಡಿದ್ರು, ಅವಲಕ್ಕಿ ತಿಂದ ಹೋದ್ರು. ಬೇಜಾರಾಗಲಿಲ್ಲ ಅಂದ್ರ ಸುಳ್ಳ ಆಗ್ತೈತಿ. ಮೂರನೇದು ಮಡ್ಕಯಿ ಊರಿಂದ ಬರೂದಿತ್ತು. ಆ ಕತಿ ಕಡೀಕ ಹೇಳ್ತೇನಿ, ಅದಕ್ಕೂ ಮೊದಲಿನ ಕತಿ ಕೇಳ್ರಿ.

1. ಹಿಂದಿನ ಕುತ್ತಿಗಿ

ನಮ್ಮಣ್ಣನೂ ಗೌಂಡಿ. ಕೆಲಸ ಹತ್ತಿರ ಇದ್ದಾಗ ಮಧ್ಯಾಹ್ನ ಅಂಗಡಿಗೆ ಬಂದು ಡಬ್ಬಿ ಬಿಚ್ಚತಾನ. ಬಂದ ಗಿರಾಕಿ ಎಲ್ಲಾರೂ ನನ್ನ ಬಿಟ್ಟು ಅವನ್ನ ಮಾತಾಡಸ್ತಿದ್ರು, ಇಂವಾ ದೊಡ್ಡ ಮನಷ್ಯಾನಂಗ ಉತ್ತರಾನೂ ಕೊಡ್ತಿದ್ದ. ಒಂದಿನ ನಂಗ ಸಿಟ್ಟ ಬಂತು. ನನ್ನ ಬಗ್ಗೆ ನಿನ್ನ ಯಾರರ ಕೇಳಿದ್ರ, ನಿನ್ನ ಕೆಲಸದ ಉತ್ತರ ಕೊಡು, ನನ್ನ ಕೆಲಸದ್ದು ಬ್ಯಾಡ ಅಂತ ತಾಕೀತು ಮಾಡಿದೆ.

ಮರುದಿನಾನ ಒಬ್ಬ ಬಾಯಾರು ಬಂದ್ರು. ಕೊಳ್ಳಾಗ ಟೇಪ್ ಹಾಕ್ಕೊಂಡು ಮಷೀನ್ ಮುಂದ ಕುಂತಾಕಿ ನಾನು, ನಮಸ್ಕಾರ ಹೇಳಿದಾಕೀನೂ ನಾನು. ಬಾಯಾರು ತೊಟ್ಟಲದಾಗಿನ ಕೂಸಿಗೆ ನಕ್ಕಂಗ ನನಗೊಮ್ಮೆ ನಕ್ಕು, ಅಣ್ಣನ ಕಡೆ ತಿರುಗಿ ಇವರಿಗೆ ಕಿವಿ ಕೇಳ್ತಾವೇನ್ರಿ ಅಂದ್ರು. ಅಂವಾ ಇನ್ನೊಂದ ತುತ್ತ ರೊಟ್ಟಿ ಬಾಯಾಗ ಹಾಕ್ಕೊಂಡ. ಆಮ್ಯಾಲ, ಬ್ಲೌಸಿಗೆ ಹಿಂದ ಕುತ್ತಿಗಿ ಎಷ್ಟ ಆಳ ಇಟ್ರ ಚಲೋ ಅಂತ ಅವನ್ನ ಕೇಳಿದ್ರು.

ಅಣ್ಣ ನೀರ ಕುಡದು, ಶಾಂತ ಆಗಿ ಹೇಳಿದ: "ನಾಲ್ಕ ಫೂಟ್ ಅಗಸ್ರಿ. ಗಟ್ಟಿ ನೆಲ ಹತ್ತಲಿಲ್ಲಂದ್ರ ಇನ್ನೊಂದ ಫೂಟ್."

ಬಾಯಾರು ಗಾಬರಿಯಾಗಿ ನನ್ನ ಮುಖ ನೋಡಿದ್ರು. ಸರಿಯಾಗಿ ನೋಡಿದ್ದ ಅದ ಮೊದಲ. ಇಬ್ಬರೂ ನಕ್ಕೇವಿ, ಸ್ಟೂಲ್ ತೋರಿಸಿ ಕುಂದರ್ರಿ ಅಂದೆ. ಈಗ ಬಂದ್ರ ತಾಸಗಟ್ಟಲೆ ಏಳಂಗಿಲ್ಲ, ಅವರ ಸೊಸಿ ಸುದ್ದಿ ಎಲ್ಲಾ ನನಗ ಬಾಯಿಪಾಠ ಆಗೇತಿ.

2. ಎಣ್ಣಿ

ಮೀನ ಬಜಾರದಾಗ ಬುಟ್ಟಿ ಮುಂದ ನನ್ನ ವೀಲ್‌ಚೇರ್ ಗಾಡಿ ನಿಲ್ಲಿಸಿ, ಎರಡೂ ಕಡೆ ಬ್ರೇಕ್ ಹಾಕಿ, ಬಾಂಗಡೆ ಆರಸ್ಲಿಕ್ಕೆ ಹತ್ತಿದ್ದೆ. ಹಿಂದಿಂದ ಯಾರೋ ಹಿಡಿಕಿ ಹಿಡದು ದೂಡಿದ್ರು. ನೋಡಿದ್ರ ಒಬ್ಬ ಹಿರಿಯರು, ಭಿಯೆನಾಕಾ ಬಾಯ್, ಹೆದರಬ್ಯಾಡ ಅನ್ಕೋತ ಧೈರ್ಯ ಹೇಳಾಕತ್ತಾರ. ನಾ ಹೆದರಿದ್ದಿಲ್ಲ. ಬಾಂಗಡೆ ಕಿವಿರು ಎತ್ತಿ ಕೆಂಪ ಐತೋ ಇಲ್ಲೋ ನೋಡಾಕತ್ತಿದ್ದೆ.

ಈ ಗಾಡಿ ಅಂದ್ರ ನನ್ನ ಮೈ ಇದ್ದಂಗ್ರಿ. ಹೇಳದ ಕೇಳದ ದೂಡಿದ್ರ, ನಡಕೊಂಡ ಹೊಂಟಾಕಿನ ರಟ್ಟಿ ಹಿಡದ ಎಳದಂಗ. ಆದ್ರ ಅವರಿಗೆ ಇದನ್ನ ಹೇಳಾಕ ಸಂದು ಸಿಗಬೇಕಲ್ಲ. ಬ್ರೇಕ್ ಹಾಕಿದ ಗಾಡಿ ಜಗ್ಗಲಿಲ್ಲ. ಜಂಗ ಹಿಡದೈತಿ ಪಾಪ ಅಂತ ಮರುಗಿ, ಪಕ್ಕದ ಸೈಕಲ್ ಅಂಗಡಿಗೆ ಓಡಿ ಎಣ್ಣಿ ಡಬ್ಬಿ ತಂದ್ರು. ಒಂದೊಂದ ಗಾಲಿಗೂ ಎಣ್ಣಿ ಬಿಟ್ಟು, ಬೆವರ ಒರಸ್ಕೊಳ್ಳೂದ್ರಾಗ ನಂದು ಮೀನ ಆರಿಸಿ ಮುಗದಿತ್ತು. ಬ್ರೇಕ್ ತಗದು, ಕೈ ಮುಗದು, ಗಾಲಿ ತಿರುಗಿಸಿ ಹೊಂಟೆ. ಹಿಂದ ಅವರು ಮೀನ ಮಾರೂವಾಕಿಗೆ ಹೇಳಾಕತ್ತಿದ್ರು, ನೋಡು, ಎಣ್ಣಿ ಅಂದ್ರ ಎಣ್ಣಿ.

3. ಚಾಚೀ ತಾಲೀಮು

ನನ್ನ ಕೂಡ ಹ್ಯಾಂಗ ಮಾತಾಡಬೇಕು ಅಂತ ಯಾರೂ ಹೇಳಿಕೊಡದ ತಿಳಕೊಂಡಾಕಿ ಅಂದ್ರ ಬಾಜೂಮನಿ ಚಾಚಿ. ಹುಬ್ಬಳ್ಳ್ಯಾಕಿ, ಇಲ್ಲಿ ಬಳಿ ಅಂಗಡಿ ಇಟ್ಟಾಳ. ಹಾದೀಲೆ ಹೋಗ್ತಿದ್ರ ನಿಂತಲ್ಲಿಂದನ ಕೈ ಎತ್ತಿ ಹೋಗ್ತಾಳ. ಹರಟಿ ಹೊಡಿಯೂದಿದ್ರ ಬಕೆಟ್ ಬೋರಲ ಹಾಕಿ, ನನ್ನ ಮಾರಿಗೆ ಮಾರಿ ಕೊಟ್ಟು ಕುಂದರತಾಳ. ನನಗ ಕತ್ತ ಎತ್ತಿ ಎತ್ತಿ ನೋವಾಗೂದು ತಪ್ಪತೈತಿ. ಮಡ್ಕಯಿ ಸಂಬಂಧ ತಂದಾಕೀನೂ ಅಕಿನ.

ಅವರು ಬರೂ ಹಿಂದಿನ ದಿನ ಚಾಚಿ ನಮ್ಮ ಮನೀ ಮಂದಿಗೆಲ್ಲಾ ತಾಲೀಮು ಕೊಟ್ಲು. ಮಾತು ಹುಡುಗೀ ಕೂಡ ಆಡಬೇಕು. ಮೊಣಕಾಲ ಮ್ಯಾಲ ಕೈ ಊರಿ ಸಣ್ಣ ಹುಡುಗರಿಗೆ ಬಗ್ಗಿದಂಗ ಬಗ್ಗಬಾರದು. ಗಾಡಿ ಮ್ಯಾಲ ಒರಗಬಾರದು, ಚೀಲ ತೂಗಹಾಕಬಾರದು. ಸಹಾಯ ಬೇಕೇನು ಅಂತ ಮೊದಲ ಕೇಳಬೇಕು, ಬ್ಯಾಡ ಅಂದ್ರ ಬಿಡಬೇಕು. ಅವ್ವ ಎಲ್ಲಾದಕ್ಕೂ ಹೂಂ ಅಂದು ಕಡೀಕ ಕೇಳಿದ್ಲು, ಇಷ್ಟೆಲ್ಲಾ ಯಾಕ, ಎಲ್ಲಾರ ಕೂಡ ಇರೂಹಂಗ ಇದ್ರ ಆಗೂದಿಲ್ಲೇನ?

ಚಾಚಿ ಹಣೀ ಹಣೀ ಬಡಕೊಂಡ್ಲು. ಇಡೀ ತಾಲೀಮಿನ್ಯಾಗ ಪಾಸ್ ಆದಾಕಿ ಅವ್ವ ಒಬ್ಬಾಕಿನ.

4. ಮಡ್ಕಯಿಯವರು ಬಂದ್ರು

ಹುಡುಗ ಟೆಂಪೋ ಡ್ರೈವರ್. ಅಜ್ಜಿ, ಸೋದರಮಾವ ಕೂಡಿ ಬಂದಿದ್ದ. ಚಾಚಿ ಅವರಿಗೂ ಫೋನ್ ಮಾಡಿ ಹೇಳಿದ್ಲು, ನಿಂತ ಮಾತಾಡಬ್ಯಾಡ್ರಿ, ಮಾರಿಗೆ ಮಾರಿ ಕೊಟ್ಟು ಮಾತಾಡ್ರಿ ಅಂತ. ಆದ್ರ ನಮ್ಮವ್ವ ಬೀಗರು ಅಂದಕೂಡ್ಲೇ ತಾಲೀಮು ಮರತು ಜಮಖಾನ ಹಾಸಿಬಿಟ್ಟಿದ್ಲು. ಇಬ್ಬರನ್ನ ಬಿಟ್ಟು ಎಲ್ಲಾರೂ ಕೆಳಗ, ನಾ ಮ್ಯಾಲ, ತೊಡಿ ಮ್ಯಾಲ ಚಾದ ತಾಟು. ಪಂಚಾಯ್ತಿ ಹೇಳಾಕ ಕುಂತಂಗ ಆಗಿತ್ತು. ಅಂಗಡಿಯಿಂದ ತಂದ ಎರಡ ಸ್ಟೂಲಿನ್ಯಾಗ ಒಂದರ ಮ್ಯಾಲ ಅಜ್ಜಿ, ಇನ್ನೊಂದರ ಮ್ಯಾಲ ಸೋದರಮಾವ.

ಸೋದರಮಾವ ಕೆಮ್ಮಿ, ಹುಡುಗಿ ಹೆಸರೇನ್ರಿ ಅಂತ ಅಣ್ಣನ್ನ ಕೇಳಿದ್ರು. ಮೂರನೇದೂ ಹೋತು ಅನ್ಕೊಂಡೆ.

ಆಗ ಹುಡುಗ ಎದ್ದ. ನನ್ನ ಮುಂದ ಬಂದ, ಚಾ ಕಪ್ ತಗೊಂಡ ಬದಿಗೆ ಇಟ್ಟ. ಕುಂದರಾಕ ಸ್ಟೂಲ್ ಇಲ್ಲ, ನಿಂತ ಮಾತಾಡೂಹಂಗಿಲ್ಲ. ಹಿಂಗಾಗಿ ಕುಕ್ಕರಗಾಲಿಲೆ ಕುಂತುಬಿಟ್ಟ. ಈಗ ಅಂವಾ ನನಗಿಂತ ಕೆಳಗ ಆದ, ಕತ್ತ ಎತ್ತಬೇಕಾದಾಂವ ಅವನ. ಅದು ಅವನಿಗೂ ತಿಳೀತು, ನಕ್ಕ. ಸ್ವಲ್ಪ ಮ್ಯಾಲ ಏಳೂಣು ಅಂತ ನೋಡಿದ್ರ ಮೊಣಕಾಲ ಹಿಡಕೊಂಡಿತ್ತು. ಆಧಾರಕ್ಕಂತ ನನ್ನ ಗಾಡೀ ಕೈ ಎರಡೂ ಹಿಡದು, ಭಾರ ಎಲ್ಲಾ ಅದರ ಮ್ಯಾಲ ಹಾಕಿದ.

ಊರ ಮಂದಿಗೆಲ್ಲಾ ಬುದ್ಧಿ ಹೇಳೂ ನಾನು, ಅವತ್ತ ಗಡಿಬಿಡಿಯೊಳಗ ಬ್ರೇಕ್ ಹಾಕಿದ್ದಿಲ್ಲ. ಗಾಡಿ ಸರ್ರನೆ ಹಿಂದ ಹೋತು. ಹುಡುಗ ಕೈ ಮುಂದ ಮಾಡಿ, ಗುಡಿ ಮುಂದ ಹಾಕೂ ದೀಡ ನಮಸ್ಕಾರದಂಗ ಉದ್ದಕ್ಕ ನನ್ನ ಮುಂದ ಬಿದ್ದಿದ್ದ.

ಅಂವಾ ಬಿದ್ದಲ್ಲಿಂದನ ಮಾರಿ ಎತ್ತಿ, ನನ್ನ ನೋಡಿ ಕೇಳಿದ: "ನಿಮಗ ಪೆಟ್ಟಾಗಲಿಲ್ಲಲ್ರಿ?"

ಅಣ್ಣ ಉತ್ತರ ಕೊಡಾಕ ಬಾಯಿ ತಗದ. ಬಾಜೂಕ ಕುಂತಿದ್ದ ಚಾಚಿ ಅದರಾಗ ಒಂದ ಮುಟಗಿ ಅವಲಕ್ಕಿ ಹಾಕಿದ್ಲು.

"ನನಗೇನೂ ಆಗಿಲ್ರಿ, ಬ್ರೇಕ್ ಹಾಕೂದು ನಾನ ಮರತೆ," ಅಂದೆ. "ಎದ್ದು ಸ್ಟೂಲ್ ತಗೊಂಡು ಕುಂದರ್ರಿ."

ಸೋದರಮಾವ ತಾವ ಎದ್ದು ಸ್ಟೂಲ್ ಕೊಟ್ರು. ಅಂವಾ ನನ್ನ ಎದುರಿಗೆ ಕುಂತ, ಕಣ್ಣಿಗೆ ಕಣ್ಣ ಸರಿ ಬಂತು, ಖರೇ ಹೇಳ್ತೇನಿ, ಭಾಳ ಚಲೋ ಅನಿಸ್ತು. ನನ್ನ ಹೆಸರ ಕೇಳಿದ, ತನ್ನ ಹೆಸರ ಹೇಳಿದ. ಹಣೀ ಮ್ಯಾಲ ಜಮಖಾನದ ಗೆರಿ ಮೂಡಿತ್ತು.

ಅಜ್ಜಿ ಸ್ಟೂಲ್ ಎಳಕೊಂಡು ನನ್ನ ಬಾಜೂಕ ಬಂದ್ಲು. "ಮನೀ ದೇವರಿಗೂ ಇಂವಾ ಹಿಂಗ ಎಂದೂ ಬಿದ್ದಿಲ್ಲವ್ವಾ," ಅಂದ್ಲು. "ಅವಂದ ಒಪ್ಪಿಗಿ ಆದಂಗ. ನಿಂದ ಏನ ಹೇಳು."

ನಾ ಮೊದಲ ಎರಡೂ ಬ್ರೇಕ್ ಹಾಕಿದೆ. ಆಮ್ಯಾಲ ಹೂಂ ಅಂದೆ.