ನಿನ್ನ ಬಳಿ ಯಾವುದು?

ಕೆಲವರ ಮುಖ ನೋಡಿದರೆ ಜನರಿಗೆ ದಾರಿ ಕೇಳುವ ಅನಿಸುತ್ತದೆ. ನನ್ನ ಮುಖ ನೋಡಿದರೆ ಪ್ರೇಮದ ಗೋಳು ಹೇಳುವ ಅನಿಸುತ್ತದೋ ಏನೋ! ಎಲ್ಲರೂ ಹೇಳಲಿ, ಬೇಜಾರಿಲ್ಲ. ಒಬ್ಬಳು ಹೇಳುವಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಸಿದ್ಧಕಟ್ಟೆಯ ಸೀಟು

ನಾವಿಬ್ಬರೂ ಮೂಡುಬಿದಿರೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇವೆ. ನಾನು ಬಂಟ್ವಾಳದಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲ ಇಡುತ್ತೇನೆ. ಸಿದ್ಧಕಟ್ಟೆಯಲ್ಲಿ ಅವಳು ಹತ್ತಿ, ಚೀಲ ಎತ್ತಿ ನನ್ನ ಮಡಿಲಿಗೆ ಹಾಕಿ ಕೂತು, ತಾನು ಪ್ರೀತಿಸುವ ಬೆಳ್ತಂಗಡಿಯವನ ಕಥೆ ಶುರುಮಾಡುತ್ತಾಳೆ.

"ಮೂರು ವರ್ಷ ಆಯ್ತು. ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡು ಅಂದರೆ ಮುಂದಿನ ತಿಂಗಳು ಅಂತಾನೆ. ನೀನಾದರೆ ಏನು ಮಾಡ್ತಿ?"

"ನಾನಾದರೆ ಇವತ್ತೇ ಬರ್ತೇನೆ."

ಅವಳು ನನ್ನನ್ನೇ ನೋಡಿದಳು. ನಾನು ಕೂದಲು ಸರಿಮಾಡಿಕೊಂಡೆ.

"ನೋಡು, ಎಷ್ಟು ಸುಲಭದಲ್ಲಿ ಹೇಳಿದಿ! ಇದನ್ನೇ ಅವನಿಗೆ ಹೇಳ್ತೇನೆ" ಅಂದಳು.

ಬರೆದುಕೊಡು ಮಾರಾಯ

ಒಮ್ಮೆ ಅವರಿಬ್ಬರಿಗೂ ಮಾತು ಬಿಟ್ಟುಹೋಗಿತ್ತು. "ಒಂದು ಒಳ್ಳೆ ಮೆಸೇಜ್ ಬರೆದುಕೊಡು ಮಾರಾಯ, ನನಗೆ ಅಳು ಬರುತ್ತದೆಯೇ ಹೊರತು ಮಾತು ಬರುವುದಿಲ್ಲ" ಅಂದಳು. ಅವಳಿಗೆ ಹೇಳಬೇಕೆಂದು ವರ್ಷದಿಂದ ಒಳಗೆ ಇಟ್ಟುಕೊಂಡದ್ದನ್ನೆಲ್ಲ ಬರೆದೆ: ನೀನು ಬರದ ದಿನ ಪಕ್ಕದ ಸೀಟಿನಲ್ಲಿ ಯಾರು ಕೂತರೂ ಅದು ಖಾಲಿಯೇ, ಅಂತ. ಓದಿ ಅವಳ ಕಣ್ಣು ತುಂಬಿತು. ಈಗ ಅರ್ಥವಾಯಿತು ಅಂತ ನಾನು ನೆಟ್ಟಗೆ ಕೂತೆ.

ಅವಳು ಕಣ್ಣೊರೆಸಿಕೊಂಡು ಅದನ್ನು ಅವನಿಗೆ ಕಳಿಸಿದಳು. ಅವನಿಂದ ಉತ್ತರವೂ ಬಂತು. ಒಂದು ಹೆಬ್ಬೆರಳು.

ಅಕ್ಕನ ಪರೀಕ್ಷೆ

ತಡೆಯಲಾರದೆ ಅಕ್ಕನ ಹತ್ತಿರ ಹೇಳಿಕೊಂಡೆ. "ಇಷ್ಟೆಲ್ಲ ನನ್ನ ಹತ್ತಿರವೇ ಹೇಳುವುದು ಅಂದರೆ ಏನಾದರೂ ಸೂಚನೆ ಇರಬಹುದಾ?"

ಅಕ್ಕ ಮೀನು ಕೊಯ್ಯುತ್ತಾ, "ಅವಳು ನಿನ್ನ ಬಗ್ಗೆ ಏನು ಕೇಳಿದ್ದಾಳೆ?" ಅಂದಳು.

ನಾನು ಯೋಚಿಸಿದೆ. ಅವನಿಗೆ ಕೋಪ ಯಾಕೆ ಬರುತ್ತದೆ, ಗಂಡಸರು ಫೋನ್ ಯಾಕೆ ಎತ್ತುವುದಿಲ್ಲ, ಎಲ್ಲ ಕೇಳಿದ್ದಾಳೆ. ನನ್ನ ಬಗ್ಗೆ?

"ಬುತ್ತಿಯಲ್ಲಿ ಏನುಂಟು ಅಂತ ಕೇಳ್ತಾಳೆ."

"ಹಾಗಾದರೆ ಅದು ನಂಬಿಕೆ. ಆಸೆ ಇದ್ದವಳು ನಿನ್ನ ವಿಷಯ ಕೇಳ್ತಾಳೆ. ಒಂದು ಪ್ರಶ್ನೆ ಬರಲಿ, ಆಮೇಲೆ ನೋಡುವ. ಬುತ್ತಿ ಲೆಕ್ಕಕ್ಕಿಲ್ಲ."

ಅಂದಿನಿಂದ ನಾನು ಆ ಒಂದು ಪ್ರಶ್ನೆಗೆ ಕಾದೆ. ಬೇಕೆಂದೇ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಹೋದೆ. "ಅವನಿಗೂ ಹೀಗೇ ತಲೆನೋವು" ಅಂದಳು.

ಬಂತು ಪ್ರಶ್ನೆ

ಒಂದು ಬೆಳಿಗ್ಗೆ ಅವಳು ಕೂತವಳೇ ಕೇಳಿದಳು, "ನಿನ್ನ ಬಳಿ ಯಾವುದು?"

ನಮ್ಮ ತುಳುವರಲ್ಲಿ ಬಳಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಒಂದೇ ಬಳಿಯವರು ಅಣ್ಣ ತಂಗಿ, ಅವರೊಳಗೆ ಮದುವೆ ಇಲ್ಲ. ಸಂಬಂಧದ ಮಾತು ಶುರುವಾಗುವುದೇ ಈ ಪ್ರಶ್ನೆಯಿಂದ! ಬಸ್ಸಿನಲ್ಲೇ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ಹೇಳಿದ ಬಳಿ ಬೇರೆ, ಅವಳದ್ದು ಬೇರೆ. ದೇವರು ದೊಡ್ಡವನು!

ಹೇಳಿದ ಕೂಡಲೇ ಅವಳು ಸೀಟಿನಿಂದ ಎದ್ದೇ ಬಿಟ್ಟಳು. "ಅವನದ್ದೂ ಅದೇ! ನೀನು ಅವನಿಗಿಂತ ದೊಡ್ಡವ, ಅವನಿಗೆ ಅಣ್ಣ ಆಗ್ತಿ. ಅವನ ಸೋದರಮಾವ ಮುನಿಸಿಕೊಂಡಿದ್ದಾರೆ, ಹೆಣ್ಣು ಕೇಳಲಿಕ್ಕೆ ಅವನ ಕಡೆಯವರು ಯಾರೂ ಇಲ್ಲ. ಭಾನುವಾರ ನೀನೇ ಬಾ!"

ಅವಳ ಮನೆಗೆ ಹೆಣ್ಣು ಕೇಳಲು ಹೋಗಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಇಸ್ತ್ರಿ ಮಾಡಿದ ಶರ್ಟು ಹಾಕಿ ಒಬ್ಬನೇ ಹೋದೆ.

ಅವಳ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಫಿ ಕೊಟ್ಟು ಒಳಗೆ ಹೋದರು. ಅಡುಗೆಮನೆಯಿಂದ ಅವರ ಸ್ವರ ಕೇಳಿತು: "ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ. ಇವನನ್ನು ತೋರಿಸಲಿಕ್ಕೆ ಮೂರು ವರ್ಷ ಬೇಕಾಯ್ತಾ?"

ಒಂದು ಕ್ಷಣ ನಾನು ಆ ಮನೆಯ ಅಳಿಯನಾಗಿದ್ದೆ. ಆಮೇಲೆ ಅವಳ ನಗು ಕೇಳಿತು. "ಅಮ್ಮಾ, ಅದು ಹುಡುಗ ಅಲ್ಲ, ಹುಡುಗನ ಅಣ್ಣ!"

ಅಮ್ಮ ಹೊರಗೆ ಬಂದು ಕೇಳಿದರು, "ನಿಮಗೆ ಮದುವೆ ಆಗಿದೆಯಾ?"

"ಇಲ್ಲ."

"ಅಣ್ಣನಿಗೆ ಆಗದೆ ತಮ್ಮನಿಗೆ ಹೇಗೆ? ಮೊದಲು ನಿಮ್ಮದು ಮುಗಿಯಲಿ, ಮತ್ತೆ ಇದು ನೋಡುವ."

ಸೋಮವಾರ ಸಿದ್ಧಕಟ್ಟೆಯಲ್ಲಿ ಬಸ್ಸು ಹತ್ತಿದವಳು ಚೀಲ ಎತ್ತುವ ಮೊದಲೇ ಶುರುಮಾಡಿದಳು. ನಿನ್ನ ನಕ್ಷತ್ರ ಯಾವುದು? ಏನು ಇಷ್ಟ? ಮನಸ್ಸಿನಲ್ಲಿ ಯಾರಾದರೂ ಇದ್ದಾರಾ? ವರ್ಷದಿಂದ ಕಾದ ಪ್ರಶ್ನೆಗಳೆಲ್ಲ ಒಟ್ಟಿಗೇ ಬಂದವು.

"ಎಂಥ ಹುಡುಗಿ ಬೇಕು, ಬೇಗ ಹೇಳು ಮಾರಾಯ!"

"ಹತ್ತಿರ ಇದ್ದದ್ದು ಸ್ವಲ್ಪ ಕಾಣುವ ಹುಡುಗಿ ಸಾಕು" ಅಂದೆ.

"ಅಷ್ಟೇಯಾ? ಕಾಣದಿದ್ದರೂ ತೊಂದರೆ ಇಲ್ಲ" ಅಂದಳು. "ನಮ್ಮ ಅಂಗಡಿಯಲ್ಲೇ ಕನ್ನಡಕ ಹಾಕಿಸುವ."