ಪಂಚಮಿಯ ಹುಟ್ಟುಹಬ್ಬಕ್ಕೆ ದಶಮಿಯ ಶುಭಾಶಯ

ನನ್ನ ಸ್ನೇಹಿತನೊಬ್ಬ ವರ್ಷಕ್ಕೆ ಎರಡು ಸಲ ಹುಟ್ಟುತ್ತಾನೆ. ಅವತಾರ ಪುರುಷರಿಗೂ ಸಾಧ್ಯವಾಗದ ಕೆಲಸ ಇದು. ಅವರು ಯುಗಕ್ಕೊಂದು ಸಲ ಹುಟ್ಟಿಯೇ ಸುಸ್ತಾಗಿಬಿಡುತ್ತಾರೆ!

ಮೊದಲನೆಯ ಸಲ ಹುಟ್ಟುವುದು ಜೂನ್ ಒಂದಕ್ಕೆ. ಅದು ಮೈಸೂರಿನ ಅವನ ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ಟರು ಸೀಟು ಕೊಡುವಾಗ ದಯಪಾಲಿಸಿದ ಜನ್ಮ. ಆ ಕಾಲದಲ್ಲಿ ಹೆಡ್‌ಮಾಸ್ಟರು ಪೆನ್ನು ಎತ್ತಿದ ದಿನವೇ ಅರ್ಧ ಕರ್ನಾಟಕ ಹುಟ್ಟಿತು ತಾನೆ? ಪಾಸ್‌ಪೋರ್ಟು, ಗ್ರೀನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು ಎಲ್ಲದರಲ್ಲೂ ಅದೇ ತಾರೀಖು. ಆ ದಿನ ಯಾರಾದರೂ ವಾಟ್ಸಾಪಿನಲ್ಲಿ ಕೇಕಿನ ಚಿತ್ರ ಕಳಿಸಿದರೆ ಇವನು ಗಂಭೀರವಾಗಿ ಉತ್ತರ ಬರೆಯುತ್ತಾನೆ: "ನಿಮ್ಮ ಶುಭಾಶಯವನ್ನು ಹೆಡ್‌ಮಾಸ್ಟರಿಗೆ ತಲುಪಿಸಲಾಗುವುದು."

ಎರಡನೆಯದು ನಿಜವಾದ ಹುಟ್ಟು. ಗಣೇಶನ ಚೌತಿಯ ಮಾರನೆಯ ದಿನ, ಭಾದ್ರಪದ ಶುದ್ಧ ಪಂಚಮಿ. ಆ ದಿನ ಅವನಿಗೆ ಕೇಕು ಬೇಡ, ಮೇಣದಬತ್ತಿ ಬೇಡ. ಹಿಂದಿನ ದಿನ ಗಣಪತಿಗೆ ಮಾಡಿ ಮಿಕ್ಕ ಕಡುಬನ್ನು ತುಪ್ಪದಲ್ಲಿ ಹುರಿದು ಕೊಡಬೇಕು. ಅಷ್ಟೇ ಅವನ ಸಂಭ್ರಮ. ದೇವರು ತಿಂದು ಬಿಟ್ಟದ್ದೇ ಬೇಕು ಈ ಮಹಾರಾಯನಿಗೆ!

ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ ಅವನ ಮನೆ. ಮೂವತ್ತು ವರ್ಷ ಮ್ಯಾನ್‌ಹಟನ್‌ಗೆ ರೈಲಿನಲ್ಲಿ ಓಡಾಡಿದ ಇಂಜಿನಿಯರು. ರಿಟೈರ್ ಆದ ಮೇಲೂ ಆಗಾಗ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ರೈಲಿನ ಬಾಗಿಲು ಬಂದು ನಿಲ್ಲುವ ಜಾಗದಲ್ಲೇ ನಿಂತು, ರೈಲು ಲೇಟಾಯಿತೆಂದು ಬೈದು ಮನೆಗೆ ಬರುತ್ತಾನೆ. ಇನ್ನು ರಾಹುಕಾಲವೋ, ಅವನ ಎರಡನೆಯ ಧರ್ಮ. ಮೈಸೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲವೆಂದು ಮೆಟುಚೆನ್ನಿನ ಸೂರ್ಯೋದಯ, ಸೂರ್ಯಾಸ್ತ ಹಿಡಿದು ಎಂಟು ಭಾಗ ಮಾಡಿ ರಾಹುವನ್ನು ಹುಡುಕುತ್ತಾನೆ. ಆ ಒಂದೂವರೆ ಗಂಟೆ ಹೊಸ್ತಿಲು ದಾಟುವುದಿಲ್ಲ, ಯಾರನ್ನೂ ಬರಹೇಳುವುದಿಲ್ಲ.

ಇಂಥವನನ್ನು ಕೀಟಲೆ ಮಾಡದೆ ಬಿಟ್ಟರೆ ಪಾಪ ಬರುವುದಿಲ್ಲವೇ? ಒಮ್ಮೆ ಅವನ ಅಡುಗೆಮನೆಯ ಮೈಕ್ರೋವೇವ್ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟೆ. ಅದನ್ನೇ ನೋಡಿಕೊಂಡು ರಾಹುಕಾಲ ಮುಗಿಯಿತೆಂದು ಕಾರು ತೆಗೆದ. ಅದು ರಾಹುಕಾಲದ ನಟ್ಟನಡುವೆ! ಏನಾಯಿತು? ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸಿನ ಇಂಡಿಯನ್ ಅಂಗಡಿಗಳವರೆಗೂ ಹೋಗಿ, ಪಾರ್ಕಿಂಗ್ ಸಿಕ್ಕಿ, ಬೇಕಾದ ಅಪ್ಪೆಮಿಡಿ ಉಪ್ಪಿನಕಾಯಿಯೂ ಸಿಕ್ಕಿತು. ಸತ್ಯ ಹೇಳಿದಾಗ, "ಉಪ್ಪಿನಕಾಯಿ ಸ್ವಲ್ಪ ಕಹಿ ಅನ್ಸಿದ್ದು ಅದಕ್ಕೇನೇ" ಎಂದ.

ಆದರೆ ನನ್ನ ಕೀಟಲೆಗಳಲ್ಲಿ ಕಿರೀಟಪ್ರಾಯವಾದದ್ದು ಪಂಚಮಿಯ ಫೋನು. ಪ್ರತಿ ವರ್ಷ ಆ ದಿನ ಬೆಳಿಗ್ಗೆ, ಅವನು ಹಲ್ಲುಜ್ಜುವ ಮೊದಲೇ, ನಾನು ಹೆಡ್‌ಮಾಸ್ಟರ ಧ್ವನಿಯಲ್ಲಿ ಗದರಿಸುತ್ತಿದ್ದೆ: "ಏನೋ, ಜೂನ್ ಒಂದಕ್ಕೆ ಹುಟ್ಟು ಅಂತ ಹೇಳಿರ್ಲಿಲ್ವೇನೋ? ಯಾರ ಪರ್ಮಿಷನ್ ತಗೊಂಡು ಇವತ್ತು ಹುಟ್ಟಿದೆ?" ಅವನೂ ವರ್ಷಕ್ಕೊಂದು ಹೊಸ ಉತ್ತರ ಸಿದ್ಧಮಾಡಿಟ್ಟಿರುತ್ತಿದ್ದ. "ಸಾರ್, ನಮ್ಮಮ್ಮನ ಪರ್ಮಿಷನ್ನು ಸಾರ್!" ತಿಥಿಯೆಂದರೆ ಪ್ರತಿ ವರ್ಷ ಬೇರೆ ತಾರೀಖು. ಆದರೂ ನಾನು ಒಂದು ವರ್ಷವೂ ತಪ್ಪಿಲ್ಲ. ಇಡೀ ನ್ಯೂಜೆರ್ಸಿಯಲ್ಲಿ ನನ್ನಂಥ ಜ್ಞಾಪಕಶಕ್ತಿ ಇನ್ನೊಬ್ಬರಿಗಿಲ್ಲ ಎಂದು ಎಲ್ಲ ಪಾರ್ಟಿಗಳಲ್ಲೂ ಹೇಳಿಕೊಂಡು ತಿರುಗಿದ್ದೇನೆ.

ಈ ವರ್ಷದ ಕಥೆ ಕೇಳಿ. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಬಾಸ್ಟನ್‌ಗೆ ಹೋಗಿದ್ದಳು. ಮನೆಯಲ್ಲಿ ಗಣಪತಿಯೂ ಇಲ್ಲ, ಗೌರಿಯೂ ಇಲ್ಲ, ನಾನು ಮತ್ತು ಫ್ರೋಜನ್ ಪರೋಟ. ಶನಿವಾರ ಇಲ್ಲಿಯ ಕನ್ನಡದವರೆಲ್ಲ ಸೇರಿ ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ ಗಣೇಶ ಕೂರಿಸಿದರು. ಹೋದೆ, ಮಂಗಳಾರತಿ ತೆಗೆದುಕೊಂಡೆ, ಎರಡು ಸಲ ಕ್ಯೂ ನಿಂತು ಬಿಸಿಬೇಳೆಬಾತ್ ಹೊಡೆದೆ. ಭಾನುವಾರ ಬೆಳಿಗ್ಗೆ ಎದ್ದವನೇ, ಆಹಾ, ಚೌತಿಯ ಮಾರನೆಯ ದಿನ! ಎಂದು ಗಂಟಲು ಸರಿಮಾಡಿಕೊಂಡು ಫೋನ್ ಮಾಡಿ ಗದರಿಸಿದೆ: "ಏನೋ, ಯಾರ ಪರ್ಮಿಷನ್ ತಗೊಂಡು ಇವತ್ತು ಹುಟ್ಟಿದೆ?"

ಆ ಕಡೆಯಿಂದ "ಥ್ಯಾಂಕ್ಸ್ ಕಣೋ. ಇಡ್ಲಾ?" ಎಂದು ಫೋನ್ ಇಟ್ಟೇಬಿಟ್ಟ.

ಉತ್ತರವಿಲ್ಲ, ವಾದವಿಲ್ಲ! ರೈಲಿನೊಡನೆ ಜಗಳವಾಡುವವನು ನನ್ನೊಡನೆ ಆಡಲಿಲ್ಲವೆಂದರೆ? ಫ್ರಿಜ್ಜಿನ ಮೇಲಿದ್ದ ದೇವಸ್ಥಾನದ ಕ್ಯಾಲೆಂಡರ್ ನೋಡಿದೆ. ಚೌತಿ ಇದ್ದದ್ದು ಸೋಮವಾರ. ಪಂಚಮಿ ಮಂಗಳವಾರವೇ ಮುಗಿದಿದೆ. ಇವತ್ತು ದಶಮಿ! ಅಮೆರಿಕದಲ್ಲಿ ದೇವರೂ ವೀಕೆಂಡಿಗೆ ಕಾಯುತ್ತಾನೆ. ಹಬ್ಬವನ್ನು ಶನಿವಾರಕ್ಕೆ ತಳ್ಳಿದ್ದು ನನ್ನ ತಲೆಗೇ ಹೊಳೆದಿರಲಿಲ್ಲ. "ಗಣಪತಿ ಏನು ಕನ್ಸಲ್ಟೆಂಟಾ, ವೀಕೆಂಡ್ ಮಾತ್ರ ಮನೆಗೆ ಬರೋಕೆ?" ಎಂದು ಪ್ರತಿ ವರ್ಷ ಆ ಕಾರ್ಯಕ್ರಮವನ್ನೇ ಬಹಿಷ್ಕರಿಸುವವನಿಗೆ, ಅದರ ಲೆಕ್ಕದಲ್ಲಿ ಶುಭಾಶಯ ಹೇಳಿದ್ದೆ.

ಸರಿ, ಕ್ಷಮೆ ಕೇಳುವುದರಲ್ಲೂ ನಾನೇನು ಕಡಿಮೆಯೇ? ಇಲ್ಲಿ ಶುಭಾಶಯದ ಕಾರ್ಡುಗಳನ್ನೂ ಮಾರುವ ಔಷಧಿ ಅಂಗಡಿಗೆ ಹೋದೆ. ಮರೆತವರಿಗಾಗಿಯೇ ಅಲ್ಲಿ ಕಾರ್ಡುಗಳ ಒಂದು ಪ್ರತ್ಯೇಕ ಸಾಲು! ಎಲ್ಲದರ ಮೇಲೂ ಆಮೆ, ಇಲ್ಲವೇ ಬಸವನಹುಳು. ಒಳಗೆ "ನಾನು ನಿಧಾನ, ನೀನು ಮುದುಕ" ಎಂಬರ್ಥದ ಹಾಸ್ಯ. ಒಂದು ಆಮೆ ಕೊಂಡು ತಂದೆ. ಜೊತೆಗೆ ವಾಟ್ಸಾಪಿನಲ್ಲಿ ಒಂದು ಭವ್ಯವಾದ ಮೆಸೇಜು ಬರೆದೆ. ವೀಕೆಂಡಿಗೆ ಹಬ್ಬ ಇಟ್ಟವರ ತಪ್ಪು, ಬಾಣಂತನದ ತಪ್ಪು, ಕೊನೆಗೆ ನಾನು ಚೌತಿಯ ಚಂದ್ರನನ್ನು ನೋಡಿರಬೇಕು, ಅದಕ್ಕೇ ಈ ಅಪವಾದ. "ನನ್ನಂಥ ಪಾಪಿ ಇಲ್ಲ, ನನಗೆ ನಿದ್ದೆ ಬರುತ್ತಿಲ್ಲ" ಎಂದು ಮುಗಿಸಿದೆ. ಎಂಥ ಸಾಹಿತ್ಯ!

ಕಳಿಸುವ ಮೊದಲು, ಸಂಜೆ ಬಾಸ್ಟನ್ನಿನಿಂದ ಬಂದ ಹೆಂಡತಿಗೆ ಓದಿ ತೋರಿಸಿದೆ. ಚಪ್ಪಾಳೆ ನಿರೀಕ್ಷಿಸಿದ್ದೆ.

"ಇದೇನ್ರೀ, ಹುಟ್ಟುಹಬ್ಬದ ಮೆಸೇಜಾ, ಜಾಮೀನು ಅರ್ಜಿನಾ?"

"ಕಾರಣ ಹೇಳ್ಬೇಡ್ವಾ?"

"ಕಾರಣ ಅವ್ರಿಗ್ಯಾಕೆ? ಮರೆತೆ ಅಂತ ಒಂದೇ ಸಾಲು ಹೇಳಿ. ಹುಟ್ಟುಹಬ್ಬ ಯಾರ್ದು? ಪೂರ್ತಿ ನಿಮ್ಮದೇ ಕಥೆ. ಪಾಪಿ, ನಿದ್ದೆ ಇಲ್ಲ ಅಂದ್ರೆ ಈಗ ಅವ್ರೇ 'ಪರ್ವಾಗಿಲ್ಲ ಬಿಡೋ' ಅಂತ ನಿಮ್ಮನ್ನ ಸಮಾಧಾನ ಮಾಡ್ಬೇಕಾ? ಆ ಆಮೇನೂ ಎಸೀರಿ."

"ಮತ್ತೆ ಏನು ಬರೀಲಿ?"

"ಮಂಗಳವಾರ ನೆನಪಿದ್ದಿದ್ರೆ ಏನು ಹೇಳ್ತಿದ್ರೋ ಅದನ್ನ ಹೇಳಿ. ಅವ್ರಿಗೆ ಮಾತ್ರ ಹೇಳೋಂಥದ್ದು. ಆಮೇಲೆ 'ಯಾವತ್ತಾದ್ರೂ ಸಿಗೋಣ' ಅನ್ಬೇಡಿ, ಯಾವತ್ತು ಅಂತ ಕೇಳಿ." ಸೂಟ್‌ಕೇಸ್ ತೆಗೆಯುತ್ತ ಸುಮ್ಮನೆ ಕೇಳಿದಳು, "ಅಲ್ಲ ರೀ, ಪ್ರತಿ ವರ್ಷ ನಿಮಗೆ ಸರಿಯಾಗಿ ಹೇಗೆ ನೆನಪಿರ್ತಿತ್ತು?"

ಜ್ಞಾಪಕಶಕ್ತಿಯ ಭಾಷಣಕ್ಕೆಂದು ಬಾಯಿ ತೆರೆದೆ. ಆಗ ಹೊಳೆಯಿತು.

ಪ್ರತಿ ವರ್ಷ ಚೌತಿಯ ಸಂಜೆ ಅವನ ಹೆಂಡತಿ ನನಗೆ ಫೋನ್ ಮಾಡುತ್ತಿದ್ದರು. ಧ್ವನಿ ತಗ್ಗಿಸಿ, ಪಕ್ಕದ ರೂಮಿನಲ್ಲಿದ್ದ ಅವನಿಗೆ ಕೇಳಿಸದ ಹಾಗೆ: "ಅಣ್ಣಾ, ನಾಳೆ ಹೆಡ್‌ಮಾಸ್ಟರು ಬರೋದು ಮರೀಬೇಡಿ. ಕಡುಬು ಎತ್ತಿಟ್ಟಿದೀನಿ." ಹೋದ ಚಳಿಗಾಲದಲ್ಲಿ ಆ ತಾಯಿ ತೀರಿಕೊಂಡರು. ಈ ಚೌತಿಗೆ ಫೋನು ಬರಲಿಲ್ಲ. ನನ್ನ ಜಗತ್ಪ್ರಸಿದ್ಧ ಜ್ಞಾಪಕಶಕ್ತಿ ಮೆಟುಚೆನ್ನಿನ ಅಡುಗೆಮನೆಯಲ್ಲಿತ್ತು, ಸ್ವಾಮಿ!

ಬರೆದದ್ದನ್ನೆಲ್ಲ ಅಳಿಸಿದೆ. ಕೂತು ಮತ್ತೆ ಬರೆದೆ:

"ಲೋ, ನಿನ್ನ ಹುಟ್ಟುಹಬ್ಬ ಮಂಗಳವಾರ ಇತ್ತು. ನಾನು ಮರೆತೆ. ಇಷ್ಟು ವರ್ಷ ಹೆಡ್‌ಮಾಸ್ಟರನ್ನ ಎಬ್ಬಿಸ್ತಿದ್ದಿದ್ದು ನಿನ್ನ ಹೆಂಡ್ತಿ. ಚೌತಿ ಸಂಜೆ ಕದ್ದು ಫೋನ್ ಮಾಡ್ತಿದ್ರು. ಅವರಿಲ್ಲದ ಮೊದಲನೇ ವರ್ಷ ನಾನೇ ನೆನಪಿಟ್ಕೋಬೇಕಿತ್ತು. ಇಟ್ಕೊಳ್ಳಲಿಲ್ಲ. ನೀನು 'ಪರ್ವಾಗಿಲ್ಲ' ಅನ್ನೋ ಅವಶ್ಯಕತೆ ಇಲ್ಲ. ಮಂಗಳವಾರ ಹೇಳ್ಬೇಕಿದ್ದ ಮಾತು ಇದು: ನನ್ನ ಮೊಣಕಾಲು ಆಪರೇಷನ್ ಆದ ವರ್ಷ, ಸ್ನೋ ಬಿದ್ದಾಗೆಲ್ಲ ನೀನು ಬಂದು ನಮ್ಮನೆ ಮುಂದಿನ ಡ್ರೈವ್‌ವೇಲಿ ಅದನ್ನೆಲ್ಲ ಎತ್ತಿಹಾಕಿ, ಬೆಲ್ ಕೂಡ ಮಾಡ್ದೆ ಹೋಗ್ತಿದ್ದೆ. ನಾನು ಕಿಟಕಿ ತೆಗೆದು 'ಎಡಗಡೆ ಬಿಟ್ಟಿದೀಯ' ಅಂತ ಕೂಗ್ತಿದ್ದೆನೇ ಹೊರತು ಒಂದು ಸಲವೂ ಥ್ಯಾಂಕ್ಸ್ ಹೇಳ್ಲಿಲ್ಲ. ನೀನು ಹುಟ್ಟಿದ್ದು ನಂಗೆ ತುಂಬಾ ಉಪಯೋಗ ಆಗಿದೆ ಕಣೋ. ಈ ವಾರ ಕಡುಬು ತರ್ತೀನಿ. ಹಿಂದಿನ ದಿನವೇ ಮಾಡಿಸಿ ತಂಗಳು ಮಾಡಿಯೇ ತರ್ತೀನಿ. ನಿನ್ನ ಮನೆ ಬಾಣಲೆಲಿ ಹುರಿಯೋದು ನಾನು. ದಿನ, ಹೊತ್ತು ನೀನೇ ಹೇಳು."

ಕಳಿಸಿದೆ. ಓದಿದನೆಂಬ ನೀಲಿ ಟಿಕ್ ಬಂತು. ಅವನು ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು. ಮತ್ತೆ ಕಾಣಿಸಿತು, ನಿಂತಿತು. ಕೊನೆಗೆ ಫೋನೇ ಬಂತು.

"ಅವಳು ಫೋನ್ ಮಾಡೋದು ನಂಗೆ ಗೊತ್ತಿತ್ತು ಕಣೋ," ಎಂದ. "ಪಿಸುಮಾತಾ ಅದು? ಪಕ್ಕದೂರು ಎಡಿಸನ್‌ವರೆಗೂ ಕೇಳಿಸ್ತಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ಅವಳಿಗೆ ಅದೊಂದು ಖುಷಿ. ನಾನ್ಯಾಕೆ ಕೆಡಿಸ್ಲಿ? ಮಂಗಳವಾರ ಬೆಳಿಗ್ಗೆನೇ ಎದ್ದು ಕೂತಿದ್ದೆ. ಹೆಡ್‌ಮಾಸ್ಟರಿಗೆ ಕೊಡೋಕೆ ಉತ್ತರಾನೂ ರೆಡಿ ಇತ್ತು." ಕಡುಬಿನ ವಿಷಯಕ್ಕೆ ಬಂದು, "ಗುರುವಾರ ಎರಡೂವರೆಗೆ ಬಾ" ಎಂದ.

ಅಭ್ಯಾಸಬಲದಿಂದ ಕ್ಯಾಲೆಂಡರ್ ಕಡೆ ನೋಡಿದೆ. "ಲೋ, ಅದು ರಾಹುಕಾಲ!"

"ಗೊತ್ತು. ಆ ಹೊತ್ತಲ್ಲಿ ನಾನು ಎಲ್ಲೂ ಹೋಗಲ್ಲ, ಯಾರನ್ನೂ ಕರಿಯಲ್ಲ ಅಲ್ವಾ? ಮೊದ್ಲು ನಾನೂ ಅವಳೂ ಕಾಫಿ ಕುಡ್ಕೊಂಡು ಕೂತಿರ್ತಿದ್ವಿ, ಬೇಗ ಮುಗಿದುಹೋಗ್ತಿತ್ತು. ಈಗ ಆ ಒಂದೂವರೆ ಗಂಟೆ ಮುಗಿಯೋದೇ ಇಲ್ಲ ಕಣೋ. ಆವಾಗ್ಲೇ ಬಾ."

ಗುರುವಾರ ಹೋದೆ. ಕೈಯಲ್ಲಿ ತಂಗಳು ಕಡುಬಿನ ಡಬ್ಬ. ಕಾರು ನಿಲ್ಲಿಸುವುದರೊಳಗೆ ಅವನೇ ಬಾಗಿಲು ತೆಗೆದು ನಿಂತಿದ್ದ, ಅದೂ ರಾಹುಕಾಲದಲ್ಲಿ, ಹೊಸ್ತಿಲಿನಿಂದ ಆಚೆ. ದಾರಿಯುದ್ದಕ್ಕೂ ತಾಲೀಮು ಮಾಡಿಕೊಂಡು ಬಂದಿದ್ದ ಹೆಡ್‌ಮಾಸ್ಟರ ಧ್ವನಿ ತೆಗೆಯಲು ಹೋದೆ.

ಅಷ್ಟರಲ್ಲಿ ಅವನೇ ಆ ಧ್ವನಿ ತೆಗೆದ.

"ಏನೋ, ಇಷ್ಟು ಲೇಟಾ? ಹತ್ತು ಬೆಂಚಿನ ಮೇಲೆ!"

ಅವನ ಅಡುಗೆಮನೆಯಲ್ಲಿ ಬೆಂಚಿಲ್ಲ. ಎರಡೇ ಕುರ್ಚಿ. ಬಾಣಲೆಗೆ ತುಪ್ಪ ಹಾಕಿ, ಕಡುಬು ಕೆಂಪಗಾಗುವವರೆಗೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತೆ.