ಚೇರ್ಮನ್ನರು ನಕ್ಕ ಸಿನೆಮಾ

ಸಿನೆಮಾ ನೋಡಿ ಅತ್ತವರನ್ನು ಯಾರೂ ವಿಚಾರಿಸುವುದಿಲ್ಲ. ನಕ್ಕವರನ್ನು ಮಾತ್ರ ‘ಯಾಕೆ ನಕ್ಕಿರಿ, ಯಾರನ್ನು ನೋಡಿ ನಕ್ಕಿರಿ’ ಎಂದು ಕೇಳುವ ಕಾಲ ಇದು. ಹೀಗಿರುವಾಗ ರಾಜಕೀಯ ವಿಡಂಬನೆಯ ಸಿನೆಮಾಗಳ ಹುಚ್ಚು ಹಿಡಿಸಿಕೊಂಡ ನನ್ನಂಥವನ ಗತಿ ಏನಾಗಬೇಕು? ಅಧಿಕಾರದಲ್ಲಿರುವವರು ಬೈಗುಳಕ್ಕೆ ಹೆದರುವುದಿಲ್ಲ, ನಗೆಗೆ ಹೆದರುತ್ತಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಆಫೀಸಿನ ಊಟದ ಹೊತ್ತಿನಲ್ಲಿ ಈ ಮಾತನ್ನು ಅದೆಷ್ಟು ಸಲ ಹೇಳಿದ್ದೇನೋ, ನನ್ನ ಡಬ್ಬಿ ತೆರೆದ ಕೂಡಲೇ ಗೆಳೆಯರು ತಮ್ಮ ಡಬ್ಬಿ ಮುಚ್ಚಿಕೊಂಡು ಬೇರೆ ಟೇಬಲ್ಲಿಗೆ ಹೋಗತೊಡಗಿದ್ದರು. ಈಗ ಆ ನಂಬಿಕೆಯೂ ಇಲ್ಲ. ಗೆಳೆಯರಂತೂ ಮೊದಲೇ ಹೋಗಿದ್ದರು.

ನಾವಿರುವುದು ವಡಾಲದ ಒಂದು ಹಳೆಯ ಬಿಲ್ಡಿಂಗಿನಲ್ಲಿ, ಐದನೆಯ ಮಾಳಿಗೆ. ಕೆಳಗಿನ ಮಾಳಿಗೆಯಲ್ಲಿ ವಿಜಯಪುರ ಕಡೆಯ ಮಕ್ತುಮಸಾಹೇಬರು. ಧಾರಾವಿಯಲ್ಲಿ ಚರ್ಮದ ಬ್ಯಾಗು ಮಾಡುವ ಸ್ವಂತ ಕಾರ್ಖಾನೆ ಇಟ್ಟವರು. ಅವರ ಹೆಂಡತಿ ಜೈತುನಬಿಯವರಿಗೆ ಮೊಣಕಾಲು ನೋವು. ಬಿಲ್ಡಿಂಗಿನ ಲಿಫ್ಟು ಮಳೆಗಾಲಕ್ಕೂ ಮೊದಲೇ ಕೆಟ್ಟು ನಿಂತಿತ್ತು; ಅಂದಿನಿಂದ ಆಕೆ ದವಾಖಾನೆಗೆ ಬಿಟ್ಟರೆ ಕೆಳಗೆ ಇಳಿದವರಲ್ಲ. ನಮ್ಮ ಸೊಸೈಟಿಯ ಚೇರ್ಮನ್ನರು ಬೆಳಗಾವಿ ಕಡೆಯವರು, ಕನ್ನಡ ಮರಾಠಿ ಎರಡನ್ನೂ ಒಂದೇ ಬಾಯಿಯಲ್ಲಿ ಆಡುವವರು. ಲಿಫ್ಟಿನ ಮಾತೆತ್ತಿದರೆ ‘ಕಾಮ್ ಚಾಲೂ ಆಹೆ’, ಅಂದರೆ ಕೆಲಸ ನಡೆದಿದೆ, ಎಂಬ ಬೋರ್ಡಿನತ್ತ ಬೆರಳು ತೋರಿಸುತ್ತಿದ್ದರು. ಆ ಬೋರ್ಡು ಮಾತ್ರ ಸಮಯಕ್ಕೆ ಸರಿಯಾಗಿ ಬಂದಿತ್ತು.

ಲಿಫ್ಟಿನ ಬಗ್ಗೆ ಅರ್ಜಿ ಕೊಡೋಣ ಎಂದರೆ ಯಾರೂ ಸಹಿ ಹಾಕಲಿಲ್ಲ. ಹಾಗಾದರೆ ನಗಿಸೋಣ ಎಂದುಕೊಂಡೆ. ಮೊದಲು ನನ್ನ ಮನೆಗೇ ಮಕ್ತುಮಸಾಹೇಬ ದಂಪತಿಗಳನ್ನು ಕರೆದೆ. ಜೈತುನಬಿಯವರು ಒಂದೇ ಮಾಳಿಗೆ ತಾನೇ ಎಂದು ಮೆಟ್ಟಿಲಿನ ಕಟಾಂಜನ ಹಿಡಿದು ಮೇಲೆ ಬಂದರು. ಸಾಹೇಬರು ಮಾತ್ರ ಬಾಗಿಲಲ್ಲೇ ನಿಂತು ಕೇಳಿದರು: “ಪಾಟೀಲರ, ರಾಜಕೀಯದ್ದು ಬ್ಯಾಡ್ರೀ. ನಾವು ಧಂದೆ ಮಾಡೋ ಮಂದಿ. ನಾವು ನಕ್ಕಿದ್ದನ್ನ ಯಾರರೆ ಮೊಬೈಲ್‌ನಾಗ ಹಿಡದು ಗ್ರೂಪಿಗೆ ಹಾಕಿದ್ರ?”

ಇಂಥ ಅಂಜುವ ಪ್ರೇಕ್ಷಕರಿಗೆ ನನ್ನಲ್ಲಿ ಒಂದು ಕ್ರಮವೇ ಇದೆ. ಮೊದಲು ಭೂಪಟದಲ್ಲಿ ಇಲ್ಲದ ದೇಶದ ಸಿನೆಮಾ. ಅಲ್ಲಿಯ ರಾಜ ನಮ್ಮವನಲ್ಲ, ಬಾವುಟ ನಮ್ಮದಲ್ಲ, ಆದ್ದರಿಂದ ನಗುವವನ ಮೈ ಸಡಿಲವಾಗುತ್ತದೆ. ಆಮೇಲೆ ಸಣ್ಣ ಕಚೇರಿಯ ಸಿನೆಮಾ: ಒಬ್ಬ ಗುಮಾಸ್ತ, ಒಂದು ಕಿಟಕಿ, ಒಂದು ಮೊಹರು. ದೊಡ್ಡವರನ್ನು ಬಿಟ್ಟು ಸಣ್ಣ ಕುರ್ಚಿಯಿಂದ ಶುರುಮಾಡಿದರೆ ದೊಡ್ಡ ಕುರ್ಚಿಯ ಸ್ವಭಾವ ತಾನಾಗಿ ತಿಳಿಯುತ್ತದೆ. ಅದಾದ ಮೇಲೆ ಚುನಾವಣೆ, ಸುದ್ದಿವಾಚಕರು. ನಗು ಗಂಟಲಲ್ಲೇ ಸಿಕ್ಕಿಕೊಳ್ಳುವ ಕಹಿ ಸಿನೆಮಾಗಳನ್ನು ಕಟ್ಟಕಡೆಗೆ ಇಡಬೇಕು. ಒಬ್ಬರೇ ನೋಡಬಾರದು, ಪಕ್ಕದವರು ನಕ್ಕಾಗಲೇ ನಮಗೂ ಧೈರ್ಯ. ಇಷ್ಟವಾಗದಿದ್ದರೆ ನಡುವೆ ಎದ್ದು ಹೋಗಬಹುದು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು.

ಮೊದಲ ಸಿನೆಮಾದಲ್ಲಿ ಒಬ್ಬ ರಾಜನಿಗೆ ನೆಗಡಿಯಾಗಿ ದನಿ ಹೋಗುತ್ತದೆ. ಅವನು ಕೆಮ್ಮಿದ್ದನ್ನೇ ಮಂತ್ರಿಗಳು ಆಜ್ಞೆ ಎಂದು ಬರೆದುಕೊಳ್ಳುತ್ತಾರೆ. ಒಣ ಕೆಮ್ಮಿಗೆ ಹೊಸ ತೆರಿಗೆ, ಕಫದ ಕೆಮ್ಮಿಗೆ ನೆರೆಯ ದೇಶದ ಮೇಲೆ ಯುದ್ಧ. ದನಿ ಮರಳಿ ಬಂದ ರಾಜ ‘ನಾನು ಹಾಗೆ ಹೇಳಲಿಲ್ಲ’ ಎಂದರೆ, ರಾಜಾಜ್ಞೆಯನ್ನು ಅಲ್ಲಗಳೆದ ಎಂದು ಅವನನ್ನೇ ಸೆರೆಗೆ ಹಾಕುತ್ತಾರೆ. ಮಕ್ತುಮಸಾಹೇಬರು ಮೊದಲು ಕಿಟಕಿ ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು, ಆಮೇಲೆ ನಕ್ಕರು. ವಿಡಂಬನೆ ಕೆಲಸ ಮಾಡುವುದೇ ಹೀಗೆ. ಅದು ಸುಳ್ಳು ಹೇಳುವುದಿಲ್ಲ. ಅಧಿಕಾರದ ತರ್ಕವನ್ನೇ ಹಿಡಿದು, ಮುಖ ಗಂಭೀರ ಮಾಡಿಕೊಂಡು, ಕೊನೆಯತನಕ ನಡೆಸಿಕೊಂಡು ಹೋಗುತ್ತದೆ. ಅಲ್ಲಿ ತಲುಪಿದಾಗ ರಾಜನ ಮೈಮೇಲೆ ಪೋಷಾಕು ಮಾತ್ರ ಉಳಿದಿರುತ್ತದೆ, ಒಳಗೆ ಯಾರೂ ಇರುವುದಿಲ್ಲ.

ಈ ಜಯದಿಂದ ನನ್ನ ತಲೆ ತಿರುಗಿತು. ಸೊಸೈಟಿಯ ಗ್ರೂಪಿನಲ್ಲಿ ‘ಭಾನುವಾರ ಸಂಜೆ ಸೊಸೈಟಿಯ ಹಾಲಿನಲ್ಲಿ ಹಾಸ್ಯ ಸಿನೆಮಾ’ ಎಂದು ಹಾಕಿದೆ. ರಾಜಕೀಯ ಎಂಬ ಪದವನ್ನು ಬೇಕೆಂದೇ ಬಿಟ್ಟೆ. ಹಾಲ್ ತುಂಬಿತು. ಚೇರ್ಮನ್ನರು ಮುಂದಿನ ಸಾಲಿನಲ್ಲಿ ಕುಳಿತರು.

ಅಂದು ಹಾಕಿದ ಸಿನೆಮಾದಲ್ಲಿ ನಗರಾಧ್ಯಕ್ಷನೊಬ್ಬ ನೀರಿಲ್ಲದ ನಲ್ಲಿಯನ್ನು ವರ್ಷವರ್ಷವೂ ಉದ್ಘಾಟಿಸುತ್ತಾನೆ. ಗೋಡೆಯ ಹಿಂದೆ ಒಬ್ಬ ಬಕೆಟ್ಟಿನಿಂದ ಪೈಪಿಗೆ ನೀರು ಸುರಿಯುತ್ತಾನೆ, ಇತ್ತ ಜನ ಚಪ್ಪಾಳೆ ತಟ್ಟುತ್ತಾರೆ. ಅಧ್ಯಕ್ಷನ ಪಾತ್ರಧಾರಿ ಒಮ್ಮೆಯೂ ಕೋಡಂಗಿಯಂತೆ ಮುಖ ಮಾಡುವುದಿಲ್ಲ. ನೀರು ಬಂತೆಂದು ಅವನು ನಿಜವಾಗಿಯೂ ನಂಬುತ್ತಾನೆ; ನಗು ಇರುವುದೇ ಆ ನಂಬಿಕೆಯಲ್ಲಿ. ನಾನು ಪರದೆ ನೋಡಲಿಲ್ಲ, ಚೇರ್ಮನ್ನರ ಬೆನ್ನು ನೋಡುತ್ತ ಕುಳಿತೆ. ಈಗ ಬೆವರುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಕಾದೆ. ಬೆನ್ನು ಅಲುಗಾಡತೊಡಗಿತು. ಅವರು ನಗುತ್ತಿದ್ದರು. ಕಣ್ಣೊರೆಸಿಕೊಂಡು, ತೊಡೆ ತಟ್ಟಿಕೊಂಡು, ಇಡೀ ಹಾಲಿಗಿಂತ ಜೋರಾಗಿ ನಗುತ್ತಿದ್ದರು. ಮುಗಿದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, “ಖರೇ ಐತ್ರೀ ಪಾಟೀಲ್. ಆಪಲ್ಯಾ, ನಮ್ಮ ದೇಶದಾಗ ಇಂಥಾ ಮಂದಿ ಭಾಳ ಅದಾರ” ಎಂದರು.

ಮುಂದಿನ ಭಾನುವಾರ ಲಿಫ್ಟಿನ ಉದ್ಘಾಟನೆ. ಸುದ್ದಿ ಕೇಳಿ ಜೈತುನಬಿಯವರು ಹೊಸ ಸೀರೆ ಉಟ್ಟು, ಗಂಡನ ಕೈ ಹಿಡಿದು, ಹೋಗುವಾಗ ಇಳಿದರೆ ಸಾಕು, ಬರುವಾಗ ಲಿಫ್ಟಿದೆ ಎಂದು ಮೆಟ್ಟಿಲಿಳಿದು ಬಂದರು. ಹೂವಿನ ಮಾಲೆ, ತೆಂಗಿನಕಾಯಿ, ಕೆಂಪು ರಿಬ್ಬನ್ನು ಎಲ್ಲ ಇದ್ದವು. ಚೇರ್ಮನ್ನರು ರಿಬ್ಬನ್ನು ಕತ್ತರಿಸಿದರು. ಬಾಗಿಲು ತೆರೆಯಿತು, ಒಳಗೆ ದೀಪ ಹತ್ತಿತು, ಫ್ಯಾನು ತಿರುಗಿತು. ಲಿಫ್ಟು ಮಾತ್ರ ಏಳಲಿಲ್ಲ. ಮುಖ್ಯವಾದ ಸಾಮಾನೊಂದು ಬರುವುದು ಬಾಕಿಯಿದೆ, ಇಂದು ಮುಹೂರ್ತ ಚೆನ್ನಾಗಿತ್ತು ಎಂದು ಅವರು ಗಂಭೀರವಾಗಿ ವಿವರಿಸಿದರು. ಅವರ ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ. ಕಳೆದ ವಾರ ಸೊಸೈಟಿಯ ಹಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ ಮಂದಿಯೆಲ್ಲ ಈಗ ಚಪ್ಪಾಳೆ ತಟ್ಟಿದರು. ಸದ್ದು ಹತ್ತಿರದಿಂದಲೂ ಬರುತ್ತಿದೆಯಲ್ಲ ಎಂದು ಕೆಳಗೆ ನೋಡಿದರೆ, ನನ್ನ ಕೈಗಳೂ ತಟ್ಟುತ್ತಿದ್ದವು.

ಪೇಢೆ ತಿಂದು ಎಲ್ಲರೂ ಮೆಟ್ಟಿಲು ಹತ್ತಿದೆವು. ಎರಡನೆಯ ಮಾಳಿಗೆಯಲ್ಲಿ ಜೈತುನಬಿಯವರು ಸೀರೆ ಮುದುಡಿಕೊಂಡು ಕುಳಿತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ನಾನು ನೀರು ತಂದುಕೊಟ್ಟು, ಆ ಸಿನೆಮಾದಿಂದ ಚೇರ್ಮನ್ನರು ಏನೂ ಕಲಿಯಲಿಲ್ಲವಲ್ಲ ಎಂದು ಗೊಣಗಿದೆ. ಮಕ್ತುಮಸಾಹೇಬರು ಹೆಂಡತಿಗೆ ಟೋಪಿಯಿಂದ ಗಾಳಿ ಹಾಕುತ್ತ ಮೆಲ್ಲಗೆ ಹೇಳಿದರು:

“ನಮಗ ಅಂಜಿಕಿ ಆಗಬಾರದು ಅಂತ ಅಷ್ಟು ಮೆತ್ತಗಿಂದು ಆರಿಸಿ ತಂದ್ರಿ, ಪಾಟೀಲರ. ಅಂವಗೂ ಅಂಜಿಕಿ ಆಗಲಿಲ್ಲ ನೋಡ್ರಿ.”

ಮನೆಗೆ ಬಂದವನೇ ಕಟ್ಟಕಡೆಗೆಂದು ಇಟ್ಟಿದ್ದ ಕಹಿ ಸಿನೆಮಾವನ್ನು ಹಾಕಿದೆ. ಅದರಲ್ಲಿ ನಾಯಕ ಪರದೆಗೆ ಬರುವುದೇ ಇಲ್ಲ. ಅವನು ಬರುವ ಮೊದಲು, ಅವನು ಹೇಳಲಿರುವ ಹಾಸ್ಯಕ್ಕೆ ಯಾವಾಗ, ಎಷ್ಟು ನಗಬೇಕೆಂದು ಊರವರು ತಾಲೀಮು ಮಾಡುತ್ತಾರೆ. ತಾಲೀಮು ಮಾಡಿಸುವವನು ಕನ್ನಡಕ ಹಾಕಿದ ಒಬ್ಬ ಸಭ್ಯ ಗುಮಾಸ್ತ. ಯಾವ ನಗೆ ಯಾರಿಗೂ ನೋವು ಮಾಡುವುದಿಲ್ಲ, ಯಾವುದನ್ನು ಕಟ್ಟಕಡೆಗೆ ಇಡಬೇಕು ಎಂದು ಅವನು ಬಹಳ ಕಾಳಜಿಯಿಂದ ವಿಂಗಡಿಸಿಡುತ್ತಾನೆ. ದುಷ್ಟನಲ್ಲ, ಜನರ ಹಿತ ಬಯಸುವವನು. ಇಂಥವರಿಂದಲೇ ದೇಶ ಹಾಳಾಗಿದೆ ಎಂದು ನಾನು ಕುರ್ಚಿಯ ಕೈ ಗುದ್ದಿದೆ.

ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ನೋಡುತ್ತಿದ್ದದ್ದು ಪರದೆಯನ್ನಲ್ಲ.